ಐವತ್ತೊಂದನೇ ಮಾತ್ರೆಯ ಸೊಗಸು

ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಹದಿನಾಲ್ಕು ಹದಿನಾಲ್ಕು, ಮೂರು ಮತ್ತು ಆರನೆಯ ಸಾಲುಗಳಿಗೆ ಇಪ್ಪತ್ತಮೂರು ಇಪ್ಪತ್ತಮೂರು. ಕುಮಾರವ್ಯಾಸನ ಭಾರತವನ್ನು ಕೇಳಿ ಬೆಳೆದ ಕಿವಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ, ನಡೆಯಲ್ಲೇ ಕೂತಿರುತ್ತದೆ. ಮೂರು-ನಾಲ್ಕರ ಗಣದ ಬೇಲಿಯನ್ನು ಒಂದು ಗಳಿಗೆ ಬದಿಗಿಟ್ಟು, ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು, ಇವೆರಡನ್ನೇ ಜೋಡಿಸಿ 102 ಮಾತ್ರೆಗಳನ್ನು ಎಷ್ಟು ಬಗೆಯಲ್ಲಿ ತುಂಬಬಹುದು ಎಂದು ಕೇಳಿ ನೋಡಿ. ನನಗೆ ಬಹಳ ಪ್ರಿಯವಾದ ಪ್ರಶ್ನೆ ಇದು. ಉತ್ತರಕ್ಕಿಂತ ಅದಕ್ಕೆ ಹೋಗುವ ದಾರಿ ಇನ್ನೂ ಚೆಂದ.

ಮೊದಲ ಹೆಜ್ಜೆ ಹಳೆಯದು. ಪದ್ಯ ಲಘುವಿನಲ್ಲಿ ಮುಗಿದರೆ ಅದರ ಹಿಂದೆ ಒಂದು ಮಾತ್ರೆ ಕಡಿಮೆ, ಗುರುವಿನಲ್ಲಿ ಮುಗಿದರೆ ಎರಡು ಕಡಿಮೆ. ಆದ್ದರಿಂದ ಯಾವುದೇ ಸಂಖ್ಯೆಯ ಮಾತ್ರೆಗಳ ಲೆಕ್ಕ ಅದರ ಹಿಂದಿನ ಎರಡು ಲೆಕ್ಕಗಳ ಮೊತ್ತ: 1, 2, 3, 5, 8, 13... ವಿರಹಾಂಕನೂ 12ನೇ ಶತಮಾನದ ಹೇಮಚಂದ್ರನೂ ಛಂದಸ್ಸಿನ ಪ್ರಸ್ತಾರದಲ್ಲೇ ಈ ಸರಣಿಯನ್ನು ಕಂಡವರು. 1202ರಲ್ಲಿ ಫಿಬೊನಾಚ್ಚಿಯ ಮೊಲಗಳು ಬಂದದ್ದು ಆಮೇಲೆ. ಆದರೆ ಈ ಸೂತ್ರ ಹೇಳುವುದು ಪಕ್ಕದ ಮೆಟ್ಟಿಲನ್ನು ಮಾತ್ರ. 102ನೆಯದು ಬೇಕೆಂದರೆ ಒಂದೊಂದೇ ಮೆಟ್ಟಿಲು ಹತ್ತುತ್ತಾ ನೂರು ಸಲ ಕೂಡಬೇಕು.

ಇಲ್ಲಿ ಹಾರಂಗಿಯಲ್ಲಿ ಮುಂಗಾರು ಹಿಡಿದ ದಿನಗಳಲ್ಲಿ ಕರೆಂಟು ಹೋದರೆ ಬರುವ ಹೊತ್ತು ಹೇಳಲಾಗದು. ಅಂಥ ಸಂಜೆಗಳಲ್ಲಿ ಈ ಲೆಕ್ಕವನ್ನು ಕಾಗದ ಪೆನ್ಸಿಲ್ಲಿನಲ್ಲಿ ಮಾಡುವುದು ನನಗೊಂದು ಸುಖ. ನೂರು ಸಲ ಕೂಡುವುದಿಲ್ಲ. ಸೂತ್ರವನ್ನು ಒಂದು ಪುಟ್ಟ ಮಾತೃಕೆಯಲ್ಲಿ ಕೂರಿಸುತ್ತೇನೆ:

```
| 1  1 |
| 1  0 |
```

ಗಣಿತದವರು ಇದನ್ನು ಕಂಪ್ಯಾನಿಯನ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಇದರ ಮೈಕಟ್ಟನ್ನು ಸ್ವಲ್ಪ ನಿಂತು ನೋಡಬೇಕು. ಮೇಲಿನ ಸಾಲಿನಲ್ಲಿ ಇಡೀ ನಿಯಮವಿದೆ: ಹಿಂದಿನದು ಒಂದು ಪಾಲು, ಅದರ ಹಿಂದಿನದು ಒಂದು ಪಾಲು. ಕೆಳಗಿನ ಸಾಲಿಗೆ ಸ್ವಂತದ ಅಭಿಪ್ರಾಯವೇ ಇಲ್ಲ, ಇವತ್ತಿನದನ್ನು ಜೋಪಾನವಾಗಿ ನಿನ್ನೆಯದಾಗಿ ಎತ್ತಿಡುವುದಷ್ಟೇ ಅದರ ಕೆಲಸ. ಇದನ್ನು M ಎಂದು ಕರೆದು n ಸಲ ಗುಣಿಸಿದರೆ ಎಡ ಮೇಲ್ಮೂಲೆಯಲ್ಲಿ n ಮಾತ್ರೆಗಳ ಲೆಕ್ಕವೂ, ಉಳಿದ ಮೂಲೆಗಳಲ್ಲಿ ಅದರ ಹಿಂದಿನ ಎರಡೂ ಬಂದು ನಿಲ್ಲುತ್ತವೆ. ಬಲ ಮೇಲಿನದೂ ಎಡ ಕೆಳಗಿನದೂ ಯಾವಾಗಲೂ ಒಂದೇ. ಹಾಗಾಗಿ a, b, d ಎಂಬ ಮೂರೇ ಸಂಖ್ಯೆಗಳನ್ನು ಬರೆದುಕೊಂಡರೆ ಸಾಕು.

ಇನ್ನು M ಅನ್ನು 102ರ ಘಾತಕ್ಕೆ ಏರಿಸಬೇಕು. ಈ ಕಲೆ ಕನ್ನಡ ನಾಡಿನ ಆಸ್ಥಾನವೊಂದರಲ್ಲೇ ಇತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಇಂದಿನ ಮಳಖೇಡವಾದ ಮಾನ್ಯಖೇಟದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಗುಣೋತ್ತರ ಶ್ರೇಢಿಯ ಮೊತ್ತಕ್ಕೆ ದೊಡ್ಡ ಘಾತವೊಂದು ಬೇಕಾದಾಗ ಅವನು ಹೇಳುವ ವಿಧಾನ ಇದು: ಘಾತ ಸಮವಾಗಿದ್ದರೆ ಅರ್ಧ ಮಾಡಿ ಸೊನ್ನೆ ಬರೆ, ಬೆಸವಾಗಿದ್ದರೆ ಒಂದು ಕಳೆದು ಒಂದು ಬರೆ, ಮುಗಿಯುವವರೆಗೂ ಹೀಗೇ ಮಾಡು. ಆಮೇಲೆ ಗುರುತುಗಳನ್ನು ಕೊನೆಯಿಂದ ಹಿಂದಕ್ಕೆ ಓದುತ್ತಾ ಬಾ. ಒಂದು ಕಂಡಲ್ಲಿ ಗುಣಿಸು, ಸೊನ್ನೆ ಕಂಡಲ್ಲಿ ವರ್ಗ ಮಾಡು. ಅದಕ್ಕೂ ಬಹಳ ಹಿಂದೆ ಛಂದಶ್ಶಾಸ್ತ್ರದ ಪಿಂಗಳ ವೃತ್ತಗಳನ್ನು ಎಣಿಸಲು ಎರಡರ ಘಾತಗಳಿಗೆ ಇಂಥದೇ ಉಪಾಯ ಹೇಳಿದ್ದ. ಅವರಿಬ್ಬರ ಕೈಯಲ್ಲಿದ್ದದ್ದು ಸಂಖ್ಯೆ, ನಮ್ಮ ಕೈಯಲ್ಲಿರುವುದು ಮಾತೃಕೆ. ಗುಣಾಕಾರವನ್ನು ಎಲ್ಲಿ ಕಂಸ ಹಾಕಿ ಮಾಡಿದರೂ ಫಲ ಬದಲಾಗದಿದ್ದರೆ ಈ ವಿಧಾನಕ್ಕೆ ಮತ್ತೇನೂ ಬೇಡ, ಮಾತೃಕೆಗಳಿಗೆ ಆ ಗುಣ ಇದೆ.

102ನ್ನು ಹಾಗೆ ಇಳಿಸೋಣ: 51, 50, 25, 24, 12, 6, 3, 2, 1. ಈಗ ಕೆಳಗಿನಿಂದ ಹತ್ತುವುದು. ವರ್ಗ ಮಾಡುವಾಗ ಹೊಸ a ಎಂದರೆ a²+b², ಹೊಸ b ಎಂದರೆ b(a+d), ಹೊಸ d ಎಂದರೆ b²+d². M ನಿಂದ ಒಂದು ಸಲ ಗುಣಿಸುವುದು ಇನ್ನೂ ಸುಲಭ, ಒಂದು ಕೂಡಿಕೆ, ಉಳಿದದ್ದು ಬರೀ ಸರಿದು ಕೂರುವುದು.

ಮೂರನೆಯ ಘಾತದಲ್ಲಿ 3, 2, 1. ಅದರ ವರ್ಗ, ಅಂದರೆ ಆರನೆಯದು, 13, 8, 5. ಹನ್ನೆರಡನೆಯದು 233, 144, 89. ಇಪ್ಪತ್ನಾಲ್ಕನೆಯದು 75025, 46368, 28657. ಒಂದು ಹೆಜ್ಜೆ ಸರಿದು ಇಪ್ಪತ್ತೈದನೆಯದು 121393, 75025, 46368. ಮತ್ತೆ ವರ್ಗ ಮಾಡಿದರೆ ಐವತ್ತನೆಯದು: 20365011074, 12586269025, 7778742049. ಆರಂಕಿಯ ನೆಲದಿಂದ ಒಂದೇ ನೆಗೆತಕ್ಕೆ ಹನ್ನೊಂದು ಅಂಕಿಯ ಎತ್ತರ! ಇನ್ನೊಂದು ಹೆಜ್ಜೆ ಸರಿದರೆ ಐವತ್ತೊಂದನೆಯದು, ಅದರ ಮೊದಲ ಎರಡು ಸಂಖ್ಯೆಗಳು 32951280099 ಮತ್ತು 20365011074. ಇನ್ನುಳಿದದ್ದು ಇವೆರಡರ ವರ್ಗ ಮಾಡಿ ಕೂಡುವುದು.

ಇಲ್ಲಿ ಪೆನ್ಸಿಲ್ ಕೆಳಗಿಡಿ. ಭಾಮಿನಿಯ ಅರ್ಧ ಪದ್ಯ ಎಷ್ಟು ಮಾತ್ರೆ? ಹದಿನಾಲ್ಕು, ಹದಿನಾಲ್ಕು, ಇಪ್ಪತ್ತಮೂರು. ಐವತ್ತೊಂದು. ಲೆಕ್ಕ ತಾನಾಗಿ ಬಂದು ನಿಂತಿರುವುದು ಪದ್ಯದ ನಡುವೆಯೇ, ಗಮಕಿ ಉಸಿರೆಳೆದುಕೊಳ್ಳುವ ಜಾಗದಲ್ಲಿ. ಗಣದ ಬೇಲಿ ತೆಗೆದ ಮೇಲೆ ಆ ನಡುವಿನಲ್ಲಿ ಆಗಬಹುದಾದದ್ದು ಎರಡೇ. ಐವತ್ತೊಂದನೇ ಮಾತ್ರೆಗೆ ಅಕ್ಷರವೂ ಮುಗಿದು ಪದ್ಯ ಸರಿಯಾಗಿ ಎರಡಾಗಬಹುದು. ಆಗ ಎಡಕ್ಕೆ ಐವತ್ತೊಂದು ಮಾತ್ರೆಯ ಎಲ್ಲ ಬಗೆ, ಬಲಕ್ಕೂ ಅಷ್ಟೇ ಬಗೆ, ಒಟ್ಟು a². ಇಲ್ಲವೇ ಒಂದು ಗುರು ಆ ಗಡಿಯ ಮೇಲೆ ಅಡ್ಡ ಮಲಗಿರಬಹುದು, ಒಂದು ಮಾತ್ರೆ ಆಚೆ, ಒಂದು ಮಾತ್ರೆ ಈಚೆ. ಆಗ ಎರಡೂ ಕಡೆ ಐವತ್ತೈವತ್ತು ಮಾತ್ರೆ ಉಳಿದು b². ಮೂರನೆಯ ದಾರಿಯಿಲ್ಲ. ಮಾತೃಕೆಯ ಒಣ ನಿಯಮದಂತೆ ಕಾಣುತ್ತಿದ್ದ a²+b² ಹೇಳುತ್ತಿದ್ದದ್ದು ಇದನ್ನೇ.

ನಾಲ್ಕು ಮಾತ್ರೆಯ ಗಣದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ನಡುವೆ ಸರಿಯಾಗಿ ಒಡೆಯುವವು ನಾಲ್ಕು: — —, — ∪∪, ∪∪ —, ∪∪ ∪∪. ಗುರು ನಡುವೆ ಕೂತದ್ದು ಒಂದು: ∪ — ∪. ಎರಡರ ವರ್ಗ, ಒಂದರ ವರ್ಗ, ಒಟ್ಟು ಐದು. ಆ ಐದನೆಯದೇ ಕಂದಪದ್ಯ ಕಟ್ಟುವವರು ಬೆಸ ಸ್ಥಾನದಲ್ಲಿ ಬರಗೊಡದ, ಆರನೆಯ ಗಣದಲ್ಲಿ ಕರೆದು ಕೂರಿಸುವ ಮಧ್ಯಗುರು ಜಗಣ. ಅದರ ನಡೆಯೇ ಬೇರೆ ಎಂದು ಕಿವಿ ಕಂಡುಕೊಂಡಿದ್ದನ್ನು ಈ ಲೆಕ್ಕವೂ ತನ್ನ ಪಾಡಿಗೆ ಬೇರೆಯಾಗಿಯೇ ಎಣಿಸುತ್ತದೆ.

ಕೊನೆಯ ವರ್ಗಗಳನ್ನು ಅವಸರವಿಲ್ಲದೆ ಬಿಡಿಸಿ ಕೂಡಿದರೆ ಬರುವುದು 1500520536206896083277. ಇಪ್ಪತ್ತೆರಡು ಅಂಕಿ. ಆರು ವರ್ಗ, ಮೂರು ಸರಿಯುವಿಕೆ, ಅಷ್ಟರಲ್ಲಿ ಮುಗಿಯಿತು. ನಿಜ ಹೇಳಬೇಕೆಂದರೆ ಕೊನೆಯದೊಂದು ವರ್ಗಕ್ಕೆ ಹಿಂದಿನ ಎಲ್ಲ ಹೆಜ್ಜೆಗಳಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹೆಜ್ಜೆಗಳು ಕಡಿಮೆಯಾದರೂ ಅಂಕಿಗಳ ಭಾರ ಎಲ್ಲಿಗೂ ಹೋಗುವುದಿಲ್ಲ. ಪೂರ್ತಿ ಉತ್ತರವನ್ನೇ ಬರೆಯಬೇಕೆಂದರೆ ಅದು ಉದ್ದವಾದಷ್ಟೂ ಹೊರಲೇಬೇಕು.

ಕೈ ತಪ್ಪಿದರೆ ತಿಳಿಯುವ ಬಗೆಯೂ ಈ ಮಾತೃಕೆಯೊಳಗೇ ಇದೆ. a ಯಾವಾಗಲೂ b ಮತ್ತು d ಗಳ ಮೊತ್ತ. ಮೂರನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದ್ದರೆ ಇದೇ ಮೊದಲ ಸಾಕ್ಷಿ. ಎರಡನೆಯದು ನಿರ್ಧಾರಕ: ad − b² ಎಂಬುದು ಸಮ ಘಾತದಲ್ಲಿ 1, ಬೆಸ ಘಾತದಲ್ಲಿ −1, ಸಂಖ್ಯೆಗಳು ಎಷ್ಟೇ ದೊಡ್ಡದಾದರೂ. ಹನ್ನೆರಡರಲ್ಲಿ 233×89 ಎಂದರೆ 20737, 144ರ ವರ್ಗ 20736. ಬಿಡಿ ಸ್ಥಾನದ ಅಂಕಿಗಳಿಂದಲೇ ಒಂದು ಸುತ್ತು ಪರೀಕ್ಷೆ ಮಾಡಬಹುದು. ಐವತ್ತರಲ್ಲಿ ಅವು 4, 5, 9: 36ರಿಂದ 25 ಹೋದರೆ 11, ಬಿಡಿ ಸ್ಥಾನದಲ್ಲಿ ಒಂದು, ಸರಿ. ನಡುವಿನ ಅಂಕಿಗಳ ತಪ್ಪು ಇದಕ್ಕೆ ಸಿಗದು, ಅದಕ್ಕೆ ಒಂಬತ್ತರಿಂದ ಭಾಗಿಸಿದ ಶೇಷವನ್ನೂ ನೋಡುವುದು ನನ್ನ ರೂಢಿ.

ಕರೆಂಟು ಬಂದರೆ ಇದೇ ಹತ್ತಾಟವನ್ನು ಪೈಥಾನಿನಲ್ಲಿ ಬರೆದು ನೋಡಬಹುದು:

```python
def N(n):
    a, b, d = 1, 0, 1
    for bit in bin(n)[2:]:
        a, b, d = a*a + b*b, b*(a + d), b*b + d*d
        if bit == "1":
            a, b, d = a + b, a, b
    return a
```

ಪೈಥಾನ್ ಎಷ್ಟುದ್ದದ ಪೂರ್ಣಾಂಕವನ್ನೂ ತಾಳಿಕೊಳ್ಳುತ್ತದೆ. ಸಿ ಭಾಷೆಯ 64 ಬಿಟ್‌ನ ಸಾಮಾನ್ಯ ಪೂರ್ಣಾಂಕದಲ್ಲಿ 91 ಮಾತ್ರೆಯವರೆಗೆ ಮಾತ್ರ ಜಾಗವಿದೆ, 92ಕ್ಕೆ ಉಕ್ಕಿ ಋಣಸಂಖ್ಯೆ ಕಾಣಿಸಿಕೊಳ್ಳುವುದು ಸಾಮಾನ್ಯ, ಎಚ್ಚರಿಕೆಯ ಸದ್ದೂ ಇರುವುದಿಲ್ಲ. ಒಂದು ಭಾಮಿನಿ ಪದ್ಯ ಅದರೊಳಗೆ ಹಿಡಿಸದು! ಸುವರ್ಣಾನುಪಾತದ ಘಾತದಿಂದ ನೇರವಾಗಿ ಉತ್ತರ ಕೊಡುವ ಸೂತ್ರವೂ ಇದೆ, ನೋಡಲು ಚೆಲುವಾದದ್ದು. ಆದರೆ ಕಂಪ್ಯೂಟರಿನ ದಶಮಾಂಶದಲ್ಲಿ ಅದು ಎಪ್ಪತ್ತರ ಆಸುಪಾಸಿಗೆ ಕೊನೆಯ ಅಂಕಿಗಳನ್ನು ತಪ್ಪತೊಡಗುತ್ತದೆ. ಪೂರ್ಣಾಂಕಗಳ ಮಾತೃಕೆಗೆ ಆ ಸವೆತ ಇಲ್ಲ.

ಮೂರು ಮಾತ್ರೆಯ ಪ್ಲುತವನ್ನೂ ಆಟಕ್ಕೆ ಸೇರಿಸಿದರೆ ಸರಣಿ 1, 2, 4, 7, 13 ಎಂದು ನಡೆಯುತ್ತದೆ. ಮಾತೃಕೆ ಮೂರು ಸಾಲಿನದಾಗುತ್ತದೆ: ಮೇಲೆ 1 1 1, ಕೆಳಗೆ ಹಳೆಯದನ್ನು ಒಂದೊಂದು ಮನೆ ಸರಿಸುವ ಎರಡು ಸಾಲು. ಒಂದು ಗುಣಾಕಾರಕ್ಕೆ ಎಂಟರ ಬದಲು ಇಪ್ಪತ್ತೇಳು ಬಿಡಿ ಗುಣಾಕಾರ ಬೇಕಾಗುತ್ತದೆ, ಹತ್ತುವ ಮೆಟ್ಟಿಲು ಮಾತ್ರ ಅಷ್ಟೇ.

ಈ ವಿಧಾನ ನಿಜವಾಗಿ ಹಗುರಾಗುವುದು ಶೇಷ ಮಾತ್ರ ಸಾಕೆಂದಾಗ. ವಾರ್ಧಕ ಷಟ್ಪದಿಯನ್ನು ತೆಗೆದುಕೊಳ್ಳಿ. ಇಪ್ಪತ್ತು ಮಾತ್ರೆಯ ನಾಲ್ಕು ಸಾಲು, ಮೂವತ್ತೆರಡರ ಎರಡು ಸಾಲು, ಒಟ್ಟು 144. ಉತ್ತರಕ್ಕೆ ಮೂವತ್ತು ಅಂಕಿ, ನಮಗೆ ಕೊನೆಯ ಮೂರು ಸಾಕು ಎನ್ನೋಣ. ಪ್ರತಿ ಹೆಜ್ಜೆಯಲ್ಲೂ ಸಾವಿರದ ಮೇಲಿನದನ್ನು ಕೊಡವಿಬಿಡುತ್ತಾ ಹೋಗಬಹುದು. 144, 72, 36, 18, 9 ಎಂದು ಇಳಿದು ಒಂಬತ್ತರಲ್ಲಿ ಒಂದೇ ಒಂದು ಬೆಸ ನಿಲ್ದಾಣ, ಅಲ್ಲಿಂದ ಕೆಳಗೆ 8, 4, 2, 1. ಒಂಬತ್ತರಲ್ಲಿ 55, 34, 21. ಹದಿನೆಂಟರಲ್ಲಿ 181, 584, 597. ಮೂವತ್ತಾರರಲ್ಲಿ 817, 352, 465. ಎಪ್ಪತ್ತೆರಡರಲ್ಲಿ, ಅಂದರೆ ಇದರಲ್ಲೂ ಸರಿಯಾಗಿ ಅರ್ಧ ಪದ್ಯದ ಹತ್ತಿರ, 393 ಮತ್ತು 264. ಇವುಗಳ ವರ್ಗಗಳು 154449 ಮತ್ತು 69696, ಕೂಡಿದರೆ 224145. ಆ ಮೂವತ್ತು ಅಂಕಿಯ ಸಂಖ್ಯೆ 145ರಲ್ಲಿ ಮುಗಿಯುತ್ತದೆ. 144ರ ಬದಲು ಹತ್ತರ ಹದಿನೆಂಟನೇ ಘಾತದಷ್ಟು ಮಾತ್ರೆಗಳಿದ್ದರೂ ಸುಮಾರು ಅರವತ್ತು ವರ್ಗಗಳಲ್ಲಿ ಮುಗಿಯುವ ಕೆಲಸ, ಪ್ರತಿ ಸಲವೂ ಮೂರಂಕಿಯ ಸಂಖ್ಯೆಗಳೇ.