ಐದು ಬಾಟಲಿಯ ಕೌಂಟರ್

ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳ ಭಾನುವಾರ ರಾತ್ರಿ ಎಂಟೂವರೆಗೆ ಯಾವುದಾದರೂ ಫ್ಯಾಮಿಲಿ ರೆಸ್ಟೋರೆಂಟಿಗೆ ಹೋಗಿ ನೋಡಿ. ಹಗಲು ನಲವತ್ತು ಡಿಗ್ರಿ ದಾಟಿದ ಬಿಸಿಲು ಇನ್ನೂ ಗೋಡೆಯಲ್ಲೇ ಕುಳಿತಿರುತ್ತದೆ. ಬಂದವರು ಊಟದ ಮೆನು ತೆರೆಯುವ ಮೊದಲೇ ಕುಡಿಯಲು ಏನಿದೆ ಎಂದು ಕೇಳುತ್ತಾರೆ. ಅಡುಗೆಮನೆಯಲ್ಲಿ ಐದು ಜನರಿದ್ದರೂ ಜ್ಯೂಸ್ ಕೌಂಟರಿನಲ್ಲಿ ಇರುವುದು ಒಬ್ಬನೇ ಹುಡುಗ. ಪಾನೀಯದ ಲಾಭ ನಿಂತಿರುವುದು ಅವನ ಎರಡು ಕೈಗಳ ಮೇಲೆ. ಅದಕ್ಕೇ ಮೆನು ಬರೆಯುವವರು ಕೈಯಲ್ಲಿ ಗಡಿಯಾರ ಹಿಡಿದುಕೊಂಡೇ ಬರೆಯಬೇಕು ಎನ್ನುವವನು ನಾನು.

ಈಗ ಆಗುತ್ತಿರುವುದು ಬೇರೆ. ಮಾಕ್‌ಟೇಲ್ ಎಂದು ಇಪ್ಪತ್ತೈದು ಹೆಸರು ಅಚ್ಚು ಹಾಕಿಸುತ್ತಾರೆ. ಒಂದೊಂದಕ್ಕೂ ಒಂದು ಬಣ್ಣದ ಸಿರಪ್ ಬಾಟಲಿ. ಅದರಲ್ಲಿ ಎಂಟು ಮಾತ್ರ ಓಡುತ್ತವೆ, ಉಳಿದ ಬಾಟಲಿಗಳ ಬಾಯಿ ಅಂಟುಗಟ್ಟಿ ಕೂರುತ್ತದೆ. ಹಾಗೆ ಕೂತದ್ದು ಮಾಲೀಕರು ಸುರಿದ ದುಡ್ಡು.

ಲೆಕ್ಕಕ್ಕೆ ಒಂದು ಪುದೀನ ಮೋಜಿಟೋ ತೆಗೆದುಕೊಳ್ಳೋಣ. ದರಗಳು ಊರಿಂದ ಊರಿಗೆ ಬದಲಾಗುತ್ತವೆ, ಇಲ್ಲಿನವು ಅಂದಾಜು. 750 ಮಿಲಿ ಸಿರಪ್‌ಗೆ 400 ರೂಪಾಯಿ ಎಂದರೆ ಲೋಟಕ್ಕೆ 25 ಮಿಲಿ ಹಾಕಿದಾಗ 13 ರೂಪಾಯಿ ಆಯಿತು. ಬೇಸಿಗೆಯ ನಿಂಬೆಹಣ್ಣು ಒಂದಕ್ಕೆ 5, ಸೋಡಾ 150 ಮಿಲಿಗೆ 4, ಪುದೀನ, ಐಸ್, ಸ್ಟ್ರಾ ಸೇರಿ 6. ಒಟ್ಟು 28. ಇದನ್ನು 110ಕ್ಕೆ ಮಾರಿದರೆ ಕೈಯಲ್ಲಿ 82 ಉಳಿಯುತ್ತದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ. ಆದರೆ ಪುದೀನ ಕಿತ್ತು, ನಿಂಬೆ ಕತ್ತರಿಸಿ, ಲೋಟದಲ್ಲೇ ಜಜ್ಜಿ, ಸಿರಪ್ ಅಳೆದು, ಐಸ್ ತುಂಬಿ, ಸೋಡಾ ಸುರಿದು ಕೊಡಲು ಒಂದೂವರೆ ನಿಮಿಷ ಬೇಕು. ನಾಲ್ಕು ಟೇಬಲ್‌ಗಳಿಂದ ಒಟ್ಟಿಗೆ ಹದಿನಾಲ್ಕು ಲೋಟದ ಆರ್ಡರ್ ಬಂದರೆ ಕೊನೆಯ ಲೋಟ ಹೊರಬರಲು ಇಪ್ಪತ್ತೊಂದು ನಿಮಿಷ. ಅಷ್ಟರಲ್ಲಿ ಸ್ಟಾರ್ಟರ್ ಮುಗಿದು ರೊಟ್ಟಿ ಬಂದಿರುತ್ತದೆ. ಎರಡನೇ ಸುತ್ತು ಯಾರೂ ಹೇಳುವುದಿಲ್ಲ.

ಹಾಗಾಗಿ ರಷ್ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಲೋಟಕ್ಕೆ ಎಷ್ಟು ಉಳಿಯಿತು ಎನ್ನುವುದಲ್ಲ, ಆ ಹುಡುಗನ ಒಂದು ನಿಮಿಷಕ್ಕೆ ಎಷ್ಟು ಉಳಿಯಿತು ಎನ್ನುವುದು. ಜಜ್ಜುವ ಮೋಜಿಟೋ ನಿಮಿಷಕ್ಕೆ ಸುಮಾರು 55 ರೂಪಾಯಿ ಕೊಡುತ್ತದೆ. ಸಾದಾ ನಿಂಬೆ ಸೋಡಾಕ್ಕೆ ಖರ್ಚು 13, ಬೆಲೆ 50, ಉಳಿಯುವುದು 37 ಮಾತ್ರ. ಆದರೆ ರಸ, ಸಕ್ಕರೆ ಪಾಕ ಸಿದ್ಧವಿದ್ದರೆ ಅರ್ಧ ನಿಮಿಷದ ಕೆಲಸ, ಅಂದರೆ ನಿಮಿಷಕ್ಕೆ 74. ಅಗ್ಗದ ನಿಂಬೆ ಸೋಡಾ ದುಬಾರಿ ಮೋಜಿಟೋವನ್ನು ಹಿಂದೆ ಹಾಕಿತು. ಅಂಜೂರದ ಮಿಲ್ಕ್‌ಶೇಕ್ ಇನ್ನೂ ಕೆಳಗೆ: 120ಕ್ಕೆ ಮಾರಿ 70 ಉಳಿದರೂ ಮಿಕ್ಸಿ ತಿರುಗಿಸಿ ಜಾರ್ ತೊಳೆಯುವಷ್ಟರಲ್ಲಿ ಮೂರು ನಿಮಿಷ ಹೋಗಿ ನಿಮಿಷಕ್ಕೆ 23 ಸಿಗುತ್ತದೆ. ಬಳ್ಳಾರಿ ಸೀಮೆಯ ಅಂಜೂರ ನಮ್ಮ ಹೆಮ್ಮೆ, ಅದನ್ನು ಮೆನುವಿನಿಂದ ತೆಗೆಯಿರಿ ಎಂದು ನಾನು ಎಂದೂ ಹೇಳಲಾರೆ. ಅದನ್ನು ಮಧ್ಯಾಹ್ನ ಮೂರರಿಂದ ಏಳರವರೆಗೆ ಎಂದು ಬರೆದು ಕೊಡಿ. ಆ ಹೊತ್ತಿನಲ್ಲಿ ಹುಡುಗನ ಕೈ ಖಾಲಿ ಇರುತ್ತದೆ, ಆಗ ಲೋಟದ ಲಾಭವೇ ನಿಜವಾದ ಲಾಭ.

ಮೋಜಿಟೋವನ್ನು ವೇಗವಾಗಿಸುವ ದಾರಿಯೂ ಇದೆ. ಕೌಂಟರಿನಲ್ಲಿ ಐದು ಬಾಟಲಿ ಇಡಬೇಕು: ನಿಂಬೆರಸ, ಸಕ್ಕರೆ ಪಾಕ, ಉಪ್ಪುನೀರು, ಪುದೀನ ಪಾಕ, ನನ್ನಾರಿ. ಜೊತೆಗೆ 30 ಮಿಲಿ ಅಳತೆ ಲೋಟ.

ಸಕ್ಕರೆ ಪಾಕ ಎಂದರೆ ಒಂದು ಕೆ.ಜಿ. ಸಕ್ಕರೆ, ಒಂದು ಲೀಟರ್ ನೀರು, ಅಷ್ಟೇ. ಕರಗಿದ ಮೇಲೆ ಒಂದು ಲೀಟರ್ 600 ಮಿಲಿಯಷ್ಟು ಆಗುತ್ತದೆ. ಸಕ್ಕರೆ 45 ರೂಪಾಯಿ ಇದ್ದರೆ 30 ಮಿಲಿ ಪಾಕಕ್ಕೆ ಒಂದು ರೂಪಾಯಿಯೂ ಬೀಳುವುದಿಲ್ಲ. ಬಣ್ಣದ ಸಿರಪ್‌ಗೆ ಕೊಡುವ 13 ರೂಪಾಯಿಯ ಹೆಚ್ಚಿನ ಪಾಲು ಉಳಿಯುವುದು ಇಲ್ಲೇ.

ಪುದೀನ ಪಾಕದಲ್ಲಿ ಎಲ್ಲರೂ ಎಡವುತ್ತಾರೆ. ಹಸಿ ಪುದೀನ ರುಬ್ಬಿ ನಿಂಬೆರಸದಲ್ಲಿ ಬೆರೆಸಿ ಇಟ್ಟರೆ ಬೇಗನೆ ಕಂದು ತಿರುಗುತ್ತದೆ, ಹುಳಿ ತಾಗಿದ ಹಸಿರು ಉಳಿಯುವುದಿಲ್ಲ. ನೂರು ಗ್ರಾಂ ಎಲೆಯನ್ನು ಕುದಿಯುವ ನೀರಿನಲ್ಲಿ ಹತ್ತು ಸೆಕೆಂಡ್ ಅದ್ದಿ ತಕ್ಷಣ ಐಸ್ ನೀರಿಗೆ ಹಾಕಬೇಕು. ಹಿಂಡಿ, ಆರಿದ ಒಂದು ಲೀಟರ್ ಪಾಕದ ಜೊತೆ ರುಬ್ಬಿ ಬಟ್ಟೆಯಲ್ಲಿ ಸೋಸಬೇಕು. ಫ್ರಿಜ್ಜಿನಲ್ಲಿ ಎರಡು ದಿನ ಹಸಿರಾಗಿರುತ್ತದೆ. ನಿಂಬೆರಸ ಅದನ್ನು ಸೇರುವುದು ಲೋಟದಲ್ಲೇ, ಕೊನೆಯ ಗಳಿಗೆಯಲ್ಲಿ. ಈ ಪಾಕದಿಂದ ಮಾಡಿದ ಮೋಜಿಟೋಕ್ಕೆ ಖರ್ಚು 16, ಸಮಯ ನಲವತ್ತು ಸೆಕೆಂಡ್. ಬೆಲೆಯನ್ನು 90ಕ್ಕೆ ಇಳಿಸಿದರೂ ನಿಮಿಷಕ್ಕೆ 111 ರೂಪಾಯಿ ನಿಲ್ಲುತ್ತದೆ. ಆ ಹದಿನಾಲ್ಕು ಲೋಟ ಹತ್ತು ನಿಮಿಷದೊಳಗೆ ಟೇಬಲ್ ಸೇರುತ್ತವೆ.

ನಿಂಬೆರಸ, ಪಾಕ, ಉಪ್ಪು ಮೂರನ್ನೂ ಮೊದಲೇ ಒಂದೇ ಬಾಟಲಿಯಲ್ಲಿ ಬೆರೆಸಿಟ್ಟರೆ ಇನ್ನೂ ಬೇಗ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ನಮ್ಮ ಕಡೆಯ ಗಿರಾಕಿ ಒಪ್ಪುವುದಿಲ್ಲ. “ಅಕ್ಕಾ, ಉಪ್ಪಿಂದಾ, ಸಕ್ರೇದಾ?” “ಎಲ್ಡೂ ಹಾಕಪ್ಪಾ, ಅವರಿಗೆ ಬರೇ ಉಪ್ಪು, ಶುಗರ್ ಐತಿ.” ಒಂದೇ ಟೇಬಲ್‌ನಲ್ಲಿ ಮೂರು ಬಗೆ. ಬಾಟಲಿ ಬೇರೆ ಬೇರೆ ಇದ್ದರೆ ಮಾತ್ರ ಇದು ಸಾಧ್ಯ. ಉಪ್ಪನ್ನು ಪುಡಿಯಾಗಿ ಅಲ್ಲ, ಜೀರಿಗೆ ಸೇರಿಸಿದ ಉಪ್ಪುನೀರಾಗಿ ಇಡುವುದಕ್ಕೂ ಕಾರಣವಿದೆ. ಸೋಡಾದ ಮೇಲೆ ಪುಡಿ ಉಪ್ಪು ಬಿದ್ದರೆ ಗ್ಯಾಸೆಲ್ಲ ಒಮ್ಮೆಲೇ ಉಕ್ಕಿ ಹೊರಗೆ ಚೆಲ್ಲುತ್ತದೆ, ಒಳಗೆ ಉಳಿಯುವುದು ಸಪ್ಪೆ ನೀರು. ಮೊದಲು ಉಪ್ಪುನೀರು, ರಸ, ಪಾಕ, ಆಮೇಲೆ ಐಸ್, ಕೊನೆಗೆ ಸೋಡಾ, ತಳದಿಂದ ಒಂದೇ ಬಾರಿ ಚಮಚ. ಇದೇ ಕ್ರಮ.

ಸೋಡಾ ತಣ್ಣಗಿದ್ದಷ್ಟೂ ಗ್ಯಾಸ್ ಹಿಡಿದಿಡುತ್ತದೆ. ಕೌಂಟರಿನ ಕೆಳಗೆ ಕ್ರೇಟಿನಲ್ಲಿ ಬೆಚ್ಚಗಾದ ಸೋಡಾವನ್ನು ಐಸ್ ಮೇಲೆ ಸುರಿದರೆ ಲೋಟದ ತುಂಬ ನೊರೆ ಬರುತ್ತದೆ, ಟೇಬಲ್ ತಲುಪುವಾಗ ಗುಳ್ಳೆಯೇ ಇರುವುದಿಲ್ಲ. 750 ಮಿಲಿ ಬಾಟಲಿ ಐದು ಲೋಟಕ್ಕೆ ಸರಿ, ಆದರೆ ಅದು ರಷ್ ಹೊತ್ತಿಗೆ. ಮಧ್ಯಾಹ್ನ ಒಂದು ಲೋಟಕ್ಕಾಗಿ ಅದನ್ನು ತೆರೆದರೆ ಉಳಿದ ನಾಲ್ಕು ಲೋಟದ ಸೋಡಾ ಸತ್ತಂತೆ. ಆಗ ಊರಿನ ಗೋಲಿ ಸೋಡಾವೇ ಮೇಲು, ಲೋಟಕ್ಕೊಂದು ಒಡೆದರಾಯಿತು.

ನಿಂಬೆರಸವನ್ನು ಬೆಳಿಗ್ಗೆ ಹಿಂಡಿ ರಾತ್ರಿಯವರೆಗೆ ಇಡಬಾರದು. ಹೊತ್ತು ಕಳೆದಂತೆ ಕಹಿ ಏರುತ್ತದೆ. ಊಟದ ಹೊತ್ತಿಗೊಮ್ಮೆ, ಸಂಜೆ ಆರಕ್ಕೊಮ್ಮೆ ಹಿಂಡಬೇಕು, ಬೀಜ ಜಜ್ಜಬಾರದು. ದೊಡ್ಡ ಕಷ್ಟ ಬೆಲೆಯದು. ಜನ ನಿಂಬೆ ಸೋಡಾ ಕೇಳುವ ತಿಂಗಳುಗಳಲ್ಲೇ ನಿಂಬೆ ದುಬಾರಿ, ಹಣ್ಣೂ ಸಣ್ಣದು, ರಸವೂ ಕಡಿಮೆ. ಅದಕ್ಕೆ ಉತ್ತರ ಸಿಟ್ರಿಕ್ ಆಸಿಡ್ ಅಲ್ಲ. ಅದು ನಾಲಿಗೆ ಕೊರೆಯುತ್ತದೆ, ತಿಳಿದವರಿಗೆ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಆ ತಿಂಗಳುಗಳಲ್ಲಿ ಮಾವಿನಕಾಯಿ ಬಂದಿರುತ್ತದೆ. ಬೇಯಿಸಿ, ತಿರುಳು ತೆಗೆದು, ಬೆಲ್ಲ, ಜೀರಿಗೆ, ಉಪ್ಪು ಸೇರಿಸಿ ಇಟ್ಟರೆ ಮಾವಿನಕಾಯಿ ಪಾನಕಕ್ಕೆ ನಿಂಬೆಯೇ ಬೇಡ. ಏಪ್ರಿಲ್, ಮೇ ಎರಡು ತಿಂಗಳು ಅದು ಮೆನುವಿನ ಮೊದಲ ಸಾಲಿನಲ್ಲಿರಲಿ, ನಿಂಬೆ ಸೋಡಾ ನಾಲ್ಕನೆಯದಾಗಲಿ. ಬೆಲೆ ಏರಿಸುವುದಕ್ಕಿಂತ ಸಾಲು ಬದಲಿಸುವುದು ಜಾಣತನ.

ಐದನೇ ಬಾಟಲಿ ನನ್ನಾರಿ ನನಗೆ ಬಹಳ ಇಷ್ಟದ್ದು. ಅನಂತಪುರ, ಕರ್ನೂಲು ಪಕ್ಕದಲ್ಲೇ ಇರುವುದರಿಂದ ಬಳ್ಳಾರಿಯ ನಾಲಿಗೆಗೆ ಈ ಸೊಗದೆ ಬೇರಿನ ರುಚಿ ಹೊಸದಲ್ಲ. ಬೇರು ತೊಳೆದು ಜಜ್ಜಿ, ನಡುವಿನ ಕಟ್ಟಿಗೆ ತೆಗೆದು, ನೂರು ಗ್ರಾಂ ತೊಗಟೆಯನ್ನು ಒಂದು ಲೀಟರ್ ಬಿಸಿನೀರಿನಲ್ಲಿ ರಾತ್ರಿಯಿಡೀ ಮುಚ್ಚಿಡಬೇಕು. ಸೋಸಿದ ನೀರಿಗೆ ಒಂದು ಕೆ.ಜಿ. ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಬೇಕು. ಬಳಬಳ ಕುದಿಸಿದರೆ ಆ ಘಮವೇ ಆವಿಯಾಗಿ ಹೋಗುತ್ತದೆ, ಬರೀ ಸಿಹಿ ಉಳಿಯುತ್ತದೆ. ಗಾಜಿನಲ್ಲಿ ತಿಳಿ ಕಂದು ಬಣ್ಣ ಕಂಡರೆ ಬೇರಿನದು. ಕೆಂಪಗೆ ಹೊಳೆಯುವುದು ಬಣ್ಣ ಹಾಕಿದ್ದು. ನನ್ನಾರಿ ಸೋಡಾವನ್ನು 60 ರೂಪಾಯಿಗೆ ಧಾರಾಳವಾಗಿ ಮಾರಬಹುದು, ಮಾಡುವುದಕ್ಕೆ ಅರ್ಧ ನಿಮಿಷ ಸಾಕು. ನೀಲಿ ಲಗೂನ್‌ಗಿಂತ ಇದನ್ನು ಮೇಲೆ ಬರೆಯಿರಿ ಎಂದು ನಾನು ಹಟ ಹಿಡಿಯುವುದು ರುಚಿಗಷ್ಟೇ ಅಲ್ಲ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ ನಿಷೇಧಿಸಿದ ಮೇಲೆ ಮಕ್ಕಳ ತಾಯಂದಿರು ಲೋಟದ ಬಣ್ಣವನ್ನೂ ಅನುಮಾನದಿಂದ ನೋಡುತ್ತಾರೆ.

ಇನ್ನು ಬಾಟಲಿ ಕೂಲ್‌ಡ್ರಿಂಕ್. 20 ರೂಪಾಯಿಯದನ್ನು ಎಂಆರ್‌ಪಿಗೇ ಕೊಟ್ಟರೆ ಮೂರು ರೂಪಾಯಿ ಉಳಿದರೆ ಹೆಚ್ಚು. ಶೇ 5 ಜಿಎಸ್‌ಟಿ ಹಾಕುವ ರೆಸ್ಟೋರೆಂಟಿಗೆ ತಾನು ಕೊಂಡ ಸರಕಿನ ತೆರಿಗೆ ವಾಪಸ್ ಸಿಗುವುದಿಲ್ಲ, ಕೂಲ್‌ಡ್ರಿಂಕ್ ಮೇಲೆ ಶೇ 40 ತೆರಿಗೆ. ಸಿಹಿ, ಸ್ವಾದ ಸೇರಿಸದ ಸಾದಾ ಸೋಡಾಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇ 5 ಮಾತ್ರ. ಹೋಟೆಲುಗಳು ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದು, ಅಲ್ಲಿ ಸೇವೆಯೂ ಸೇರಿದೆ ಎಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಬೀಡಾ ಅಂಗಡಿಯಲ್ಲಿ ದರ ಗೊತ್ತಿರುವ ಸಾಮಾನಿಗೆ ಇಮ್ಮಡಿ ಬರೆದರೆ ಬಿಲ್ ನೋಡಿದ ಯಜಮಾನನಿಗೆ ಇಡೀ ಊಟವೇ ದುಬಾರಿ ಅನ್ನಿಸುತ್ತದೆ. ಅದು ಮೆನುವಿನ ಕೊನೆಯಲ್ಲಿ, ಎಂಆರ್‌ಪಿಯ ಆಸುಪಾಸಿನಲ್ಲೇ ಇರಲಿ.

ಸಿರುಗುಪ್ಪದಲ್ಲಿ ಇದೇ ಮೆನುವನ್ನು ಇನ್ನೂ ಚಿಕ್ಕದು ಮಾಡಬೇಕು. ಭತ್ತ, ರೈಸ್‌ಮಿಲ್ಲುಗಳ ಊರು ಅದು. ಸುಗ್ಗಿ ದುಡ್ಡು ಬಂದಾಗ ಮನೆಮಂದಿ ಎಂಟು ಹತ್ತು ಜನ ಒಟ್ಟಿಗೆ ಬರುತ್ತಾರೆ, 90 ರೂಪಾಯಿಯ ಲೋಟವನ್ನು ಹತ್ತರಿಂದ ಗುಣಿಸಿ ನೋಡಿ ನೀರು ಸಾಕು ಅನ್ನುತ್ತಾರೆ. ಅಲ್ಲಿ ಬೇಕಾದದ್ದು ಜಗ್. ಒಂದು ಲೀಟರ್ ಮಾವಿನಕಾಯಿ ಪಾನಕ ಅಥವಾ ನನ್ನಾರಿ ಶರಬತ್ತು, ಐದು ಲೋಟ, 180 ರೂಪಾಯಿ. ಸೋಡಾ ಇಲ್ಲದ್ದರಿಂದ ಗ್ಯಾಸ್ ಹೋಗುವ ಭಯವಿಲ್ಲ, ಒಂದು ನಿಮಿಷದಲ್ಲಿ ಐವರ ಆರ್ಡರ್ ಮುಗಿಯಿತು. ಐಸನ್ನು ಜಗ್ಗಿಗೆ ಹಾಕದೆ ಪಕ್ಕದ ಬಟ್ಟಲಿನಲ್ಲಿ ಕೊಡಬೇಕು, ಇಲ್ಲದಿದ್ದರೆ ಕೊನೆಯ ಲೋಟ ನೀರಾಗುತ್ತದೆ. ಬರೀ ಐಸೇ ತುಂಬಿದ್ದಾರೆ ಎಂಬ ಮಾತೂ ಬರುವುದಿಲ್ಲ.

ಕುರುಗೋಡಿನಲ್ಲಿ ಲೆಕ್ಕ ಇನ್ನೊಂದು ಬಗೆ. ದೊಡ್ಡಬಸವೇಶ್ವರನ ಜಾತ್ರೆಯ ದಿನಗಳ ವ್ಯಾಪಾರ ಬೇರೆ, ಉಳಿದ ದಿನಗಳದ್ದು ಬೇರೆ. ಪುದೀನ ಪಾಕ ಎರಡು ದಿನಕ್ಕಿಂತ ಹೆಚ್ಚು ಬಾಳದು, ಹಾಗಾಗಿ ವಾರದ ದಿನಗಳಲ್ಲಿ ಅಲ್ಲಿ ಅದನ್ನು ಮಾಡಲೇಬಾರದು. ನನ್ನಾರಿ, ನಿಂಬೆ, ಒಂದು ಪಾನಕ, ಮೂರೇ ಸಾಕು. ಜಾತ್ರೆ ಬಂದಾಗ ಪುದೀನದ ಸಾಲನ್ನು ಗೋಡೆಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ತೇರು ಮುಗಿದ ಮರುದಿನ ಅಳಿಸಿದರಾಯಿತು.