ಗಾಜಿನ ಹಿಂದೆ ಉಸಿರುಗಟ್ಟಿದ ಫ್ಯಾನುಗಳು

ಅಂಗಡಿಯಲ್ಲಿಟ್ಟ ಈ ಕ್ಯಾಬಿನೆಟ್ ನೋಡಿದರೆ ಯಾರಿಗಾದ್ರೂ ಆಸೆಯಾಗುತ್ತೆ. ಮುಂದೆ ಪೂರ್ತಿ ಗಾಜು, ಅದರ ಹಿಂದೆ ಬಣ್ಣ ಬದಲಿಸುವ ಮೂರು ಫ್ಯಾನು, ಮೇಲೆ ಎರಡು, ಹಿಂಬದಿಗೆ ಒಂದು. ಆರು ಫ್ಯಾನ್ ಇದ್ದ ಮೇಲೆ ಇನ್ನೇನು ಬೇಕು ಅಂತೀರಾ? ಗಾಳಿ ಬೇಕು. ಗಾಜಿಗೆ ಮೂತಿ ಒತ್ತಿಕೊಂಡು ಕೂತ ಫ್ಯಾನು ಎಲ್ಲಿಂದ ಎಳೆದುಕೊಳ್ಳಬೇಕು? ಅಂಚಿನಲ್ಲಿ ಒಂದು ಬೆರಳಗಲದ ಸಂದು, ಅಷ್ಟೇ.

ಗೆಳೆಯನೊಬ್ಬ ಇದನ್ನೇ ಕೊಂಡು ಆರ್‌ಟಿಎಕ್ಸ್ 3070 ಹಾಕಿಸಿದ. ಆ ಕಾರ್ಡಿಗೆ 220 ವ್ಯಾಟ್ ಬೇಕು. ಅದೆಲ್ಲ ಕೊನೆಗೆ ಬಿಸಿಯಾಗಿ ಡಬ್ಬದೊಳಗೇ ಬೀಳುತ್ತೆ. ಗೇಮ್ ಶುರುವಾದ ಹತ್ತು ನಿಮಿಷ ಎಲ್ಲ ಸರಿ, ಆಮೇಲೆ ತಡವರಿಕೆ. "ಕಾರ್ಡೇ ಕೆಟ್ಟಿದೆ ಕಣೋ, ವಾಪಸ್ ಕೊಡ್ತೀನಿ" ಅಂದ. ಗೇಮ್ ಓಡ್ತಿರುವಾಗಲೇ ಇದನ್ನು ಕೊಟ್ಟು ನೋಡಿದೆವು:

```
nvidia-smi -q -d PERFORMANCE
```

`SW Thermal Slowdown` ಎದುರಿಗೆ `Active` ಅಂತಿತ್ತು. ಅಂದರೆ ಕಾರ್ಡ್ ಕೆಟ್ಟಿರಲಿಲ್ಲ, ಸೆಕೆ ತಾಳದೆ ತಾನೇ ವೇಗ ಇಳಿಸಿಕೊಂಡಿತ್ತು. ಉಷ್ಣತೆ 83 ಡಿಗ್ರಿಗೆ ಬಂದು ನಿಂತಿತ್ತು.

ತಪ್ಪು ಕಾರ್ಡಿನದೋ ಡಬ್ಬದ್ದೋ ತಿಳಿಯೋಕೆ ಒಂದು ಸ್ಕ್ರೂ ಡ್ರೈವರ್ ಸಾಕು. ಪಕ್ಕದ ಬಾಗಿಲು ತೆಗೆದು ಅದೇ ಗೇಮ್ ಕಾಲು ಗಂಟೆ ಓಡಿಸಿದೆವು. 83 ಇದ್ದದ್ದು 74ಕ್ಕೆ ಇಳೀತು. ಅಲ್ಲಿಗೆ ಡಬ್ಬದ್ದೇ ತಪ್ಪು ಅಂತ ಗೊತ್ತಾಯ್ತು. ಬಾಗಿಲು ತೆಗೆದರೂ ಏನೂ ಇಳಿಯದಿದ್ರೆ, ಕಾರ್ಡಿನ ಸ್ವಂತ ಫ್ಯಾನು, ಧೂಳು, ಒಳಗಿನ ಪೇಸ್ಟ್ ಕಡೆ ನೋಡಬೇಕಿತ್ತು.

ಎರಡನೇ ತಪ್ಪು ಮೇಲ್ಗಡೆ. ಅಲ್ಲಿನ ಎರಡೂ ಫ್ಯಾನುಗಳು ಗಾಳಿಯನ್ನು ಹೊರಗೆ ತಳ್ಳುತ್ತಿದ್ದವು. ಅದರಲ್ಲಿ ಮುಂದಿನದು, ಸಂದಿನಿಂದ ಹೇಗೋ ಒಳಬಂದ ಅಷ್ಟಿಷ್ಟು ತಂಪು ಗಾಳಿಯನ್ನೂ ಕಾರ್ಡ್ ತಲುಪುವ ಮೊದಲೇ ಎತ್ತಿ ಹೊರಗೆಸೆಯುತ್ತಿತ್ತು. ಟಿಶ್ಯೂ ಪೇಪರಿನ ಚೂರನ್ನು ಮುಂದಿನ ಸಂದಿಗೆ ಹಿಡಿದರೆ ಅಲುಗಲೇ ಇಲ್ಲ, ಮೇಲೆ ಹಿಡಿದರೆ ಹಾರಿಹೋಯ್ತು.

ಮಾಡಿದ್ದು ಮೂರೇ ಕೆಲಸ. ಗಾಜು ತೆಗೆದು ಅಲ್ಲಿ ಸೊಳ್ಳೆ ಜಾಲರಿ ಕಟ್ಟಿದೆವು. ಮೇಲಿನ ಮುಂದಿನ ಫ್ಯಾನ್ ಬಿಚ್ಚಿ ಆ ತೂತು ಮುಚ್ಚಿದೆವು. ಬಿಚ್ಚಿದ ಆ ಫ್ಯಾನನ್ನೇ ಕಾರ್ಡಿನ ಕೆಳಗೆ, ಮೇಲ್ಮುಖವಾಗಿ ಗಾಳಿ ಊದೋ ಹಾಗೆ ಕೂರಿಸಿದೆವು. ಫ್ಯಾನಿನ ಚೌಕಟ್ಟಿನ ಅಡ್ಡಕಡ್ಡಿಗಳಿರುವ ಮುಖದಿಂದ ಗಾಳಿ ಹೊರಬರುತ್ತೆ, ಹಾಗಾಗಿ ಕಡ್ಡಿಗಳು ಕಾರ್ಡಿನ ಕಡೆಗಿರಬೇಕು. ಬಾಗಿಲು ಮುಚ್ಚಿದ ಮೇಲೂ 75 ದಾಟಲಿಲ್ಲ, ತಡವರಿಕೆಯೂ ಹೋಯ್ತು. ಹಾಗಂತ ಕೋಣೆಯೇ ಎಂಟು ಡಿಗ್ರಿ ಹೆಚ್ಚು ಕಾದರೆ ಕಾರ್ಡೂ ಹೆಚ್ಚುಕಮ್ಮಿ ಅಷ್ಟೇ ಏರುತ್ತೆ. ಅದನ್ನು ಯಾವ ಫ್ಯಾನೂ ತಪ್ಪಿಸೋಲ್ಲ.

ಅಂದ ಕೆಟ್ಟಿದ್ದು ನಿಜ. ಆ ಗಾಜು ಈಗ ಅವನ ಮಂಚದ ಕೆಳಗಿದೆ. ಕ್ಯಾಬಿನೆಟ್ ಕೊಳ್ಳೋ ಮುಂಚೆ ಫ್ಯಾನ್ ಎಷ್ಟು ಅಂತ ಎಣಿಸಬೇಡಿ, ಮುಂಭಾಗದಲ್ಲಿ ತೂತು ಎಷ್ಟಿದೆ ನೋಡಿ.