ಪಟ್ಟಿಯಲ್ಲಿಲ್ಲದ ಭಾಷೆ: ಬಹುಭಾಷಿಕ ದೃಶ್ಯಮುದ್ರಿಕೆಗಳ ಭಾಷಾಪತ್ತೆಯ ಕುರಿತು ಒಂದು ವಿಮರ್ಶೆ

ಬಹುಭಾಷಿಕ ವೀಡಿಯೋಗಳನ್ನು ಬರಹಕ್ಕಿಳಿಸುವ ಮುನ್ನ ಪ್ರತಿಯೊಂದು ಖಂಡದ ಭಾಷೆ ಯಾವುದೆಂದು ಯಂತ್ರದಿಂದ ಗುರುತಿಸುವ ಕ್ರಮ ಈಗ ರೂಢಿಗೆ ಬಂದಿದೆ. ಅದಕ್ಕೆ ಕಾರಣ ಸ್ಪಷ್ಟ. 2022ರಲ್ಲಿ ಬಿಡುಗಡೆಯಾದ ವಿಸ್ಪರ್ ಮಾದರಿಯ ಮೂಲ ತಂತ್ರಾಂಶವು, ಭಾಷೆಯನ್ನು ನಾವೇ ಸೂಚಿಸದಿದ್ದರೆ, ಮೊದಲ 30 ಸೆಕೆಂಡುಗಳಿಂದ ಅದನ್ನು ಊಹಿಸಿ ಇಡೀ ಕಡತಕ್ಕೆ ಅನ್ವಯಿಸುತ್ತದೆ. ಸಂದರ್ಶಕನು ಕನ್ನಡದಲ್ಲಿ ಪೀಠಿಕೆ ಹಾಕಿದರೆ ಮುಂದಿನ ಉತ್ತರಗಳೆಲ್ಲವೂ ಕನ್ನಡವೆಂದೇ ಪರಿಗಣಿತವಾಗುತ್ತವೆ. ಆದ್ದರಿಂದ ಮೌನದ ಎಡೆಗಳಲ್ಲಿ ಧ್ವನಿಯನ್ನು ಕತ್ತರಿಸಿ, ಒಂದೊಂದು ತುಣುಕಿಗೂ ಪ್ರತ್ಯೇಕವಾಗಿ ಭಾಷೆಯನ್ನು ನಿರ್ಣಯಿಸುವುದು ಉತ್ತಮವೆಂಬುದು ಸಾಮಾನ್ಯ ಅಭಿಪ್ರಾಯ. ಈ ಪರಿಹಾರವು ಒಂದು ದೋಷವನ್ನು ನಿವಾರಿಸುತ್ತದೆ. ಆದರೆ ಅದಕ್ಕಿಂತ ಆಳವಾದ ಇನ್ನೊಂದನ್ನು ಮರೆಮಾಡುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಭಾಷಾಪತ್ತೆಯ ಮಾದರಿಯು ತಾನು ಬಲ್ಲ ಭಾಷೆಗಳ ಪಟ್ಟಿಯೊಳಗೇ ಸಂಭಾವ್ಯತೆಯನ್ನು ಹಂಚುತ್ತದೆ, ಮತ್ತು ಆ ಹಂಚಿಕೆಯ ಮೊತ್ತ ಯಾವಾಗಲೂ 1. ‘ಇವುಗಳಲ್ಲಿ ಯಾವುದೂ ಅಲ್ಲ’ ಎಂಬ ಉತ್ತರಕ್ಕೆ ಅಲ್ಲಿ ಸ್ಥಾನವಿಲ್ಲ. ವಿಸ್ಪರ್‌ನ ಪಟ್ಟಿಯಲ್ಲಿ ಕನ್ನಡವಿದೆ, ತುಳುವಿಲ್ಲ. ಯೂಟ್ಯೂಬ್‌ನಿಂದ ಸಂಗ್ರಹಿಸಿದ, 107 ಭಾಷೆಗಳ ವಾಕ್ಸ್‌ಲಿಂಗುವಾ ದತ್ತಾಂಶದ ಸ್ಥಿತಿಯೂ ಇದೇ. ಹೀಗಾಗಿ ತುಳು ಖಂಡವೊಂದು ಕನ್ನಡವೋ ಮಲಯಾಳವೋ ತಮಿಳೋ ಆಗಲೇಬೇಕು. ಅದು ಎಷ್ಟು ದೃಢವಾಗಿ ಹಾಗಾಗುತ್ತದೆಯೆಂಬುದು ಉಳಿದ ಸ್ಪರ್ಧಿಗಳು ಎಷ್ಟು ದೂರದವರೆಂಬುದನ್ನು ಅವಲಂಬಿಸಿದೆ. ಆದುದರಿಂದ ಹೆಚ್ಚಿನ ಸಂಭಾವ್ಯತೆಯನ್ನು ನಿಖರತೆಯ ಕುರುಹೆಂದು ಓದಲಾಗದು.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಂಗಳೂರಿನಲ್ಲಿ ಚಿತ್ರಿಸಿದ ಸಂದರ್ಶನವೊಂದರಲ್ಲಿ 600 ಸೆಕೆಂಡುಗಳ ಮಾತಿದೆ: 400 ಕನ್ನಡ, 150 ತುಳು, 50 ಇಂಗ್ಲಿಷ್. ಯಂತ್ರವು ಕನ್ನಡ ಮತ್ತು ಇಂಗ್ಲಿಷನ್ನು ಪೂರ್ಣವಾಗಿ ಸರಿಯಾಗಿ ಗುರುತಿಸಿ, ತುಳುವನ್ನೆಲ್ಲ ಕನ್ನಡವೆಂದಿತು ಎನ್ನೋಣ. ಮಾದರಿ ಬಲ್ಲ ಭಾಷೆಗಳ ಮೇಲಷ್ಟೇ ಮೌಲ್ಯಮಾಪನ ನಡೆಸಿದರೆ 450ರಲ್ಲಿ 450, ಅಂದರೆ ಶೇ. 100 ಯಶಸ್ಸು. ಇಡೀ ಮಾತನ್ನು ಎಣಿಸಿದರೆ ಶೇ. 75. ಪ್ರತಿ ಭಾಷೆಗೂ ಸಮಾನ ತೂಕ ಕೊಟ್ಟು ಸರಾಸರಿ ತೆಗೆದರೆ ಸುಮಾರು ಶೇ. 67. ಮೂರೂ ಅಂಕಿಗಳು ಒಂದೇ ಫಲಿತಾಂಶದವು. ಯಾವುದನ್ನು ವರದಿ ಮಾಡಬೇಕೆಂಬ ಆಯ್ಕೆಯಲ್ಲೇ ತುಳುವಿನ ಅಸ್ತಿತ್ವದ ಕುರಿತ ತೀರ್ಮಾನ ಅಡಗಿದೆ.

ಮುಂದಿನ ಹಂತದಲ್ಲಿ ಈ ತಪ್ಪು ಅದೃಶ್ಯವಾಗುತ್ತದೆ. ಇಂಗ್ಲಿಷ್ ಖಂಡಕ್ಕೆ `kn` ಗುರುತು ಬಿದ್ದರೆ ವಿಚಿತ್ರ ಬರಹ ಬಂದು ಓದುಗನು ಎಚ್ಚರಗೊಳ್ಳಬಹುದು. ತುಳುವಿನ ವಿಷಯದಲ್ಲಿ ಹಾಗಲ್ಲ. ಇಂದು ತುಳುವನ್ನು ಬಹುಮಟ್ಟಿಗೆ ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ. ಯಂತ್ರದ ಬರಹವೂ ಕನ್ನಡ ಲಿಪಿಯಲ್ಲೇ ಬರುತ್ತದೆ. ‘ಯಾನ್ ಇಲ್ಲಗ್ ಪೋಪೆ’ ಎಂಬ ವಾಕ್ಯವು ಕನ್ನಡದ ಪದಗಳತ್ತ ವಾಲಿದ, ಅರೆಬರೆ ಅರ್ಥವಾಗುವ ಸಾಲಾದರೆ, ಅದನ್ನು ಕರಾವಳಿ ಕನ್ನಡದ ಪ್ರಭೇದವೆಂದು ಸಂಶೋಧಕನು ಭಾವಿಸುವ ಸಂಭವವಿದೆ. ಹಾನಿ ಶಬ್ದಕೋಶಕ್ಕೆ ಸೀಮಿತವಲ್ಲ. ತುಳುವಿನಲ್ಲಿ ಉತ್ತಮ ಪುರುಷ ಏಕವಚನಕ್ಕೂ ಪ್ರಥಮ ಪುರುಷ ಪುಲ್ಲಿಂಗ ಏಕವಚನಕ್ಕೂ ಕ್ರಿಯಾಪದದ ಕೊನೆಯಲ್ಲಿರುವ ವ್ಯತ್ಯಾಸ ವಿವೃತ ಮತ್ತು ಸಂವೃತ ಎಕಾರಗಳದು. ರೂಢಿಯ ಬರಹವೇ ಇವೆರಡನ್ನೂ ‘ಬರ್ಪೆ’ ಎಂದು ಒಂದಾಗಿಸುತ್ತದೆ. ಧ್ವನಿಯನ್ನು ಕನ್ನಡವೆಂದು ವರ್ಗೀಕರಿಸಿದ ಮೇಲೆ ಆ ಭೇದವನ್ನು ಹುಡುಕಬೇಕೆಂಬ ಸೂಚನೆಯೂ ಉಳಿಯುವುದಿಲ್ಲ.

ಖಂಡವನ್ನು ಇನ್ನಷ್ಟು ಚಿಕ್ಕದಾಗಿಸಿದರೆ ಸಮಸ್ಯೆ ಬಗೆಹರಿಯದು. ಖಂಡ ಕಿರಿದಾದಷ್ಟೂ ಧ್ವನಿಸಾಕ್ಷ್ಯ ಕಡಿಮೆಯಾಗಿ ಊಹೆ ಅಸ್ಥಿರವಾಗುತ್ತದೆ. ಮೇಲಾಗಿ ‘ಡಿಸೈಡ್ ಮಾಡಿದೆ’ಯಂಥ ರಚನೆಯಲ್ಲಿ ಭಾಷೆ ಬದಲಾಗುವುದು ಪದಗುಚ್ಛದ ಒಳಗೆ, ಅಲ್ಲಿ ಮೌನದ ಎಡೆಯೇ ಇಲ್ಲ. ಅಂಥ ತುಣುಕಿಗೆ ಒಂದೇ ಭಾಷೆಯ ಹೆಸರನ್ನು ಬೇಡುವುದೇ ತಪ್ಪು ಪ್ರಶ್ನೆ.

ಹಾಗಾದರೆ ಮಾಡಬೇಕಾದುದೇನು? ಮೊದಲು, ಮುದ್ರಣದ ಪ್ರದೇಶದಲ್ಲಿ ಯಾವ ಭಾಷೆಗಳು ಕೇಳಿಬರುತ್ತವೆಯೆಂದು ಬಲ್ಲವರಿಂದ ತಿಳಿದು, ಅವು ಮಾದರಿಯ ಪಟ್ಟಿಯಲ್ಲಿವೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಆ ಭಾಷೆಯ ಕೆಲವು ನಿಮಿಷಗಳ ಮಾತನ್ನು ಯಂತ್ರಕ್ಕೆ ಕೊಟ್ಟು, ಅದು ಯಾವ ಹೆಸರಿನಲ್ಲಿ, ಎಷ್ಟು ಸಂಭಾವ್ಯತೆಯೊಡನೆ ಹೊರಬರುತ್ತದೆಯೆಂದು ಗುರುತಿಸಿಕೊಳ್ಳಬೇಕು. ಎರಡನೆಯದಾಗಿ, ‘ಕನ್ನಡ’ವೆಂದು ಬಂದ ಖಂಡಗಳನ್ನು ಮಾತನಾಡಿದವರ ಪ್ರಕಾರ ವಿಂಗಡಿಸಿ, ಪ್ರತಿಯೊಬ್ಬರದನ್ನೂ ಕೆಲವು ಕಡೆ ಕಿವಿಯಿಂದಲೇ ಪರೀಕ್ಷಿಸಬೇಕು. ಬರಹವನ್ನು ಮಾತ್ರ ಓದುವ ಪರೀಕ್ಷೆ ಸಾಲದು. ನಿರರ್ಗಳವಾದ ಕನ್ನಡವನ್ನು ಹೆಣೆಯಲು ಕಲಿತ ಯಂತ್ರವು ಬರಹದಲ್ಲಿ ತನ್ನ ತಪ್ಪಿನ ಗುರುತನ್ನು ತಾನೇ ಅಳಿಸಬಲ್ಲದು. ಮೂರನೆಯದಾಗಿ, ಪಠ್ಯಕೋಶದಲ್ಲಿ ಅಂತಿಮ ಹೆಸರಿನೊಡನೆ ಮೂಲಧ್ವನಿಯನ್ನೂ ಎಲ್ಲ ಭಾಷೆಗಳಿಗೆ ಹಂಚಿದ ಸಂಭಾವ್ಯತೆಗಳನ್ನೂ ಉಳಿಸಬೇಕು, ‘ಅನಿರ್ಣೀತ’ವೆಂಬ ವರ್ಗಕ್ಕೂ ಎಡೆ ಕೊಡಬೇಕು.

ಇಲ್ಲವಾದರೆ ಇಂದಿನ ತಪ್ಪು ಗುರುತೇ ನಾಳೆಯ ಮಾದರಿಗೆ ತರಬೇತಿಯ ದತ್ತಾಂಶವಾಗುತ್ತದೆ. ಆಗ ತುಳುವನ್ನು ಕನ್ನಡವೆನ್ನುವುದು ಯಂತ್ರದ ದೋಷವಾಗಿ ಉಳಿಯದೆ ದಾಖಲೆಯ ಸಾಕ್ಷ್ಯವಾಗಿ ಪರಿಣಮಿಸುತ್ತದೆ.